ಫೈಬ್ರೊಮಯಾಲ್ಜಿಯಾ ಇರುವವರಿಗೆ ಕ್ರಿಯಾಟಿನ್: ಯಾವಾಗ ತೆಗೆದುಕೊಳ್ಳಬಹುದು, ಯಾವಾಗ ಬೇಡ

ಮಗ ಜಿಮ್‌ಗೆಂದು ತಂದಿಟ್ಟ ಕ್ರಿಯಾಟಿನ್ ಪುಡಿಯ ಡಬ್ಬಿಯಿಂದ ಅಮ್ಮನೂ ದಿನಕ್ಕೊಂದು ಚಮಚ ನೀರಿಗೆ ಕಲಸಿ ಕುಡಿಯುವುದು ಈಗ ಅಪರೂಪವಲ್ಲ. ನಾನು ಫಿಸಿಯೊಥೆರಪಿಸ್ಟ್. ಫೈಬ್ರೊಮಯಾಲ್ಜಿಯಾ, ಅಂದರೆ ಮೈಯೆಲ್ಲ ನೋವು, ಆಯಾಸ, ನಿದ್ದೆಗೇಡು ತರುವ ಕಾಯಿಲೆಯಿಂದ ವರ್ಷಗಟ್ಟಲೆ ಬಳಲಿದವರು ನನ್ನ ಬಳಿ ಬರುತ್ತಾರೆ. ಅವರಲ್ಲಿ ಕೆಲವರು ಹೊರಡುವ ಹೊತ್ತಿಗೆ ಬಾಗಿಲ ಹತ್ತಿರ ನಿಂತು ಕೇಳುತ್ತಾರೆ: "ಮೇಡಂ, ಕ್ರಿಯಾಟಿನ್ ತಗೊಂಡ್ರೆ ನೋವು ಕಮ್ಮಿ ಆಗುತ್ತಂತೆ, ಹೌದಾ?"

ನಾನು ತಿರುಗಿ ಕೇಳುವುದು ಒಂದೇ: ನಿಮಗೆ ಕಮ್ಮಿ ಆಗಬೇಕಾಗಿರುವುದು ನೋವೋ, ನಿತ್ರಾಣವೋ? ನೋವು ಎಂದರೆ ಕ್ರಿಯಾಟಿನ್‌ಗೆ ದುಡ್ಡು ಹಾಕಬೇಡಿ ಎನ್ನುತ್ತೇನೆ. ಮೆಟ್ಟಿಲು ಹತ್ತುವಾಗ ತೊಡೆ ಸೋಲುತ್ತದೆ, ಕೆಳಗೆ ಕೂತರೆ ಏಳಲು ಆಗುವುದಿಲ್ಲ ಎಂದರೆ ಯೋಚಿಸೋಣ ಎನ್ನುತ್ತೇನೆ, ಅದೂ ಎರಡು ಪರೀಕ್ಷೆ ಆದಮೇಲೆ. ಯಾಕೆ ಹೀಗೆ ಎನ್ನುವುದಕ್ಕೆ ಒಂದು ಪುಟ್ಟ ಪ್ರಯೋಗದ ಕತೆ ಹೇಳಬೇಕು.

ಇಂಧನ ತುಂಬಿತು, ನೋವು ಅಲುಗಲಿಲ್ಲ

ಫೈಬ್ರೊಮಯಾಲ್ಜಿಯಾಕ್ಕೂ ಕ್ರಿಯಾಟಿನ್‌ಗೂ ನಂಟು ಬೆಳೆದದ್ದು 1986ರಲ್ಲಿ. ಸ್ವೀಡನ್ನಿನ ಸಂಶೋಧಕರು ರೋಗಿಗಳ ಹೆಗಲ ಸ್ನಾಯುವಿನಿಂದ ಚೂರು ತೆಗೆದು ನೋಡಿದಾಗ ಎಟಿಪಿ, ಫಾಸ್ಫೊಕ್ರಿಯಾಟಿನ್ ಎರಡೂ ಕಡಿಮೆ ಕಂಡವು. ಎಟಿಪಿ ಎಂದರೆ ಸ್ನಾಯು ಬಳಸುವ ಶಕ್ತಿಯ ನಾಣ್ಯ. ಅದು ಖರ್ಚಾದ ಕ್ಷಣವೇ ಮತ್ತೆ ತುಂಬಿಕೊಡುವ ಪಕ್ಕದ ತಿಜೋರಿ ಫಾಸ್ಫೊಕ್ರಿಯಾಟಿನ್, ಅದು ತಯಾರಾಗುವುದು ಕ್ರಿಯಾಟಿನ್‌ನಿಂದ. ತಿಜೋರಿ ಬರಿದಾಗಿರುವುದರಿಂದಲೇ ನೋವು, ಹಾಗಾದರೆ ಅದನ್ನು ತುಂಬಿದರೆ ನೋವು ಹೋಗಬೇಕು ಎಂಬ ಊಹೆ ಸಹಜವಾಗಿಯೇ ಹುಟ್ಟಿತು.

ಈ ಊಹೆಯನ್ನು ನೇರವಾಗಿ ಒರೆಗೆ ಹಚ್ಚಿದ್ದು ಬ್ರೆಜಿಲ್‌ನ ಸಾವೊ ಪೌಲೊ ವಿಶ್ವವಿದ್ಯಾಲಯದವರು. ಅದು 2013ರಲ್ಲಿ ಪ್ರಕಟವಾಯಿತು. ಫೈಬ್ರೊಮಯಾಲ್ಜಿಯಾ ಇದ್ದ 28 ಮಹಿಳೆಯರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಕ್ರಿಯಾಟಿನ್, ಇನ್ನೊಂದಕ್ಕೆ ಅದರ ಹಾಗೆಯೇ ಕಾಣುವ ಹುಸಿ ಪುಡಿ ಕೊಟ್ಟರು. ಯಾರಿಗೆ ಯಾವುದು ಎಂದು ಕೊಟ್ಟವರಿಗೂ ಗೊತ್ತಿಲ್ಲ, ಕುಡಿದವರಿಗೂ ಗೊತ್ತಿಲ್ಲ. ಮೊದಲ 5 ದಿನ 20 ಗ್ರಾಂ, ಆಮೇಲೆ ದಿನಕ್ಕೆ 5 ಗ್ರಾಂನಂತೆ ಒಟ್ಟು 16 ವಾರ.

ತಿಜೋರಿ ತುಂಬಿತೇ? ಚೆನ್ನಾಗಿಯೇ ತುಂಬಿತು. ಸ್ನಾಯುವಿನ ಫಾಸ್ಫೊಕ್ರಿಯಾಟಿನ್ ಸುಮಾರು 80% ಏರಿತ್ತು. ಹುಸಿ ಪುಡಿಯವರಲ್ಲಿ ಏನೂ ಬದಲಾಗಿರಲಿಲ್ಲ. ಕಾಲಿನಿಂದ ಭಾರ ತಳ್ಳುವ ಬಲ ಸುಮಾರು 10% ಹೆಚ್ಚಿತು. ಆದರೆ ನೋವು, ನಿದ್ದೆ, ಏಕಾಗ್ರತೆ, ಒಟ್ಟಾರೆ ಬದುಕಿನ ಗುಣಮಟ್ಟ, ಇವುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ.

ಪುಡಿ ಸ್ನಾಯುವಿಗೆ ತಲುಪದೆ ಹೋಗಿದ್ದರೆ "ಡೋಸ್ ಸಾಲದು, ಇನ್ನೂ ಹಾಕಿ" ಎನ್ನಬಹುದಿತ್ತು. ಇಲ್ಲಿ ಹಾಗಾಗಲಿಲ್ಲ. ಪುಡಿ ಹೋಗಬೇಕಾದಲ್ಲಿಗೆ ಹೋಗಿ, ಮಾಡಬೇಕಾದ ಕೆಲಸ ಮಾಡಿ, ಬಲವನ್ನೂ ಕೊಟ್ಟಿದೆ. ನೋವು ಮಾತ್ರ ಇದ್ದಲ್ಲೇ ಇದೆ. ಈ ಕಾಯಿಲೆಯಲ್ಲಿ ನೋವಿನ ಬೇರು ಸ್ನಾಯುವಿಗಿಂತ ಹೆಚ್ಚಾಗಿ ಮಿದುಳು, ಬೆನ್ನುಹುರಿಗಳು ಸಂಕೇತವನ್ನು ಹಿಗ್ಗಿಸಿ ಕೇಳಿಸಿಕೊಳ್ಳುವ ರೀತಿಯಲ್ಲಿದೆ ಎಂಬ ಇಂದಿನ ತಿಳಿವಳಿಕೆಗೆ ಇದು ಹೊಂದುತ್ತದೆ. ಧ್ವನಿವರ್ಧಕದ ವಾಲ್ಯೂಮ್ ಕೆಟ್ಟಿರುವಾಗ ಮೈಕ್ ಬದಲಾಯಿಸಿದರೆ ಏನು ಬಂತು?

ಬಲದ ಲೆಕ್ಕವನ್ನೂ ಸ್ವಲ್ಪ ಅನುಮಾನದಿಂದಲೇ ನೋಡಬೇಕು. ಎದೆಯ ಮಟ್ಟದಿಂದ ಭಾರ ತಳ್ಳುವ ಪರೀಕ್ಷೆಯಲ್ಲಿ ಕ್ರಿಯಾಟಿನ್ ಗುಂಪು ಗಳಿಸಿದ್ದು ಸುಮಾರು 1% ಮಾತ್ರ. ಹುಸಿ ಪುಡಿಯವರು 7% ಕಳೆದುಕೊಂಡಿದ್ದರಿಂದ ಅಂತರ ದೊಡ್ಡದಾಗಿ ಕಂಡಿತು. 28 ಜನರ ಪ್ರಯೋಗದಲ್ಲಿ ಇಂಥ ಏರಿಳಿತ ಆಗುವುದೇ.

ಹಾಗಾದರೆ "ನೋವು ಕಮ್ಮಿ ಆಯ್ತು" ಎನ್ನುವ ಅಧ್ಯಯನ?

ಅಂಥದ್ದೂ ಒಂದಿದೆ. ಇಸ್ರೇಲ್‌ನ ವೈದ್ಯರು 2009ರಲ್ಲಿ ಪ್ರಕಟಿಸಿದ್ದು. ಕೆಲವೇ ರೋಗಿಗಳಿಗೆ, ಅವರು ತೆಗೆದುಕೊಳ್ಳುತ್ತಿದ್ದ ಮಾತ್ರೆಗಳ ಜೊತೆಗೇ ಕ್ರಿಯಾಟಿನ್ ಕೊಟ್ಟರು. 8 ವಾರದಲ್ಲಿ ನೋವು, ನಿದ್ದೆ ಎರಡೂ ಸುಧಾರಿಸಿದವು, ನಿಲ್ಲಿಸಿದ 4 ವಾರದಲ್ಲಿ ಮತ್ತೆ ಹದಗೆಟ್ಟವು. ಅಂತರ್ಜಾಲದಲ್ಲಿ "ಫೈಬ್ರೊಮಯಾಲ್ಜಿಯಾಕ್ಕೆ ಕ್ರಿಯಾಟಿನ್ ರಾಮಬಾಣ" ಎನ್ನುವವರು ಇಂಥ ಅಧ್ಯಯನವನ್ನೇ ಹಿಡಿದುಕೊಳ್ಳುತ್ತಾರೆ.

ತೊಡಕು ಏನೆಂದರೆ ಅಲ್ಲಿ ಹುಸಿ ಪುಡಿಯ ಗುಂಪೇ ಇರಲಿಲ್ಲ. ಎಲ್ಲರಿಗೂ ತಾವು ಏನು ಕುಡಿಯುತ್ತಿದ್ದೇವೆಂದು ಗೊತ್ತಿತ್ತು, ನಿಲ್ಲಿಸಿದ್ದೂ ಗೊತ್ತಿತ್ತು. ಈ ಕಾಯಿಲೆಯ ನೋವು ತಾನಾಗಿಯೇ ಏರುತ್ತದೆ, ಇಳಿಯುತ್ತದೆ. ಜನ ವೈದ್ಯರ ಬಳಿ ಓಡುವುದು ನೋವು ಏರಿದಾಗ. ಆಮೇಲೆ ಏನೇ ಕೊಟ್ಟರೂ ಕೆಲವು ವಾರದಲ್ಲಿ ಇಳಿಯುವ ಸಾಧ್ಯತೆಯೇ ಹೆಚ್ಚು. ಹೊಸ ಔಷಧಿಯ ಭರವಸೆ, ಯಾರೋ ಕಿವಿಗೊಟ್ಟು ಕೇಳುತ್ತಿದ್ದಾರೆಂಬ ಸಮಾಧಾನ, ಇವೂ ನೋವನ್ನು ನಿಜಕ್ಕೂ ತಗ್ಗಿಸುತ್ತವೆ. ರೋಗಿಗಳು ಸುಳ್ಳು ಹೇಳಿದರು ಎಂದಲ್ಲ. ಕಡಿಮೆ ಆದದ್ದು ಯಾವುದರಿಂದ ಎಂದು ಆ ಅಧ್ಯಯನ ಹೇಳಲಾರದು, ಅಷ್ಟೆ. ಬ್ರೆಜಿಲ್‌ನದು ಹೇಳಬಲ್ಲದು. ಎರಡೂ ಪುಟ್ಟವೇ, ಆದರೆ ತೂಕ ಒಂದೇ ಅಲ್ಲ.

ಸರ್ಬಿಯಾದಲ್ಲಿ ದೀರ್ಘಕಾಲದ ಆಯಾಸದ ಕಾಯಿಲೆ ಇದ್ದ 21 ಮಹಿಳೆಯರಿಗೆ, ದೇಹದೊಳಗೆ ಕ್ರಿಯಾಟಿನ್ ಆಗಿ ಬದಲಾಗುವ ಗ್ವಾನಿಡಿನೊಅಸಿಟಿಕ್ ಆಮ್ಲವನ್ನು 3 ತಿಂಗಳು ಕೊಟ್ಟು ನೋಡಿದಾಗಲೂ ಇದೇ ಚಿತ್ರ ಬಂತು: ಸ್ನಾಯುವಿನ ಬಲ ಏರಿತು, ಒಟ್ಟಾರೆ ಆಯಾಸ, ಮೈನೋವು ಹಾಗೆಯೇ ಉಳಿದವು.

ಬರೀ ವ್ಯಾಯಾಮವೋ, ವ್ಯಾಯಾಮದ ಜೊತೆ ಕ್ರಿಯಾಟಿನ್ನೋ

ನಿಜವಾದ ಆಯ್ಕೆ ಇರುವುದು ಇಲ್ಲಿ. ಯುರೋಪಿನ ರುಮಟಾಲಜಿ ಸಂಘಟನೆಯ ಮಾರ್ಗಸೂಚಿಯಲ್ಲಿ ಫೈಬ್ರೊಮಯಾಲ್ಜಿಯಾಕ್ಕೆ ಬಲವಾದ ಶಿಫಾರಸು ಸಿಕ್ಕಿರುವುದು ವ್ಯಾಯಾಮ ಒಂದಕ್ಕೇ. ಈ ನೋವಿಗೆ ಕೊಡುವ ಡುಲಾಕ್ಸೆಟಿನ್, ಪ್ರಿಗ್ಯಾಬಲಿನ್‌ನಂಥ ಮಾತ್ರೆಗಳಿಗೂ ಅಷ್ಟು ಗಟ್ಟಿಯಾದ ಮಾತು ಸಿಕ್ಕಿಲ್ಲ. ಆದ್ದರಿಂದ ಕ್ರಿಯಾಟಿನ್ ಅನ್ನು ಮಾತ್ರೆಗಳ ಪಕ್ಕ ಇಟ್ಟು ಹೋಲಿಸುವುದೇ ತಪ್ಪು. ವ್ಯಾಯಾಮಕ್ಕೆ ಅದು ಏನಾದರೂ ಸೇರಿಸುತ್ತದೆಯೇ ಎನ್ನುವುದು ಕೇಳಬೇಕಾದ ಪ್ರಶ್ನೆ.

ಇದಕ್ಕೆ ಹತ್ತಿರದ ಉತ್ತರ ಸಿಗುವುದು ಮಂಡಿ ಸವೆತದವರಲ್ಲಿ. ಅದೇ ಸಾವೊ ಪೌಲೊದಲ್ಲಿ, ಮುಟ್ಟು ನಿಂತ, ಮಂಡಿ ಸವೆತವಿದ್ದ ಮಹಿಳೆಯರಿಗೆ 12 ವಾರ ಕಾಲಿನ ಬಲದ ವ್ಯಾಯಾಮ ಮಾಡಿಸಿದರು. ಅರ್ಧದಷ್ಟು ಜನರಿಗೆ ಕ್ರಿಯಾಟಿನ್, ಉಳಿದವರಿಗೆ ಹುಸಿ ಪುಡಿ. 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರುತ್ತಾರೆಂದು ಎಣಿಸಿದರು. ಕ್ರಿಯಾಟಿನ್ ಗುಂಪು ಸುಮಾರು 16ರಿಂದ 18ಕ್ಕೆ ಹೋಯಿತು, ಇನ್ನೊಂದು ಗುಂಪು 15ರಲ್ಲೇ ಉಳಿಯಿತು. ಎರಡು ಸಲ ಹೆಚ್ಚು ಏಳುವುದು ಕಾಗದದ ಮೇಲೆ ಏನೂ ಅಲ್ಲ ಅನ್ನಿಸಬಹುದು. ಬಸ್ಸಿನ ಸೀಟಿನಿಂದ ಕಂಬಿ ಹಿಡಿಯದೆ ಏಳಲಾಗದವರನ್ನು ಕೇಳಿ ನೋಡಿ. ಇದರ ಫಲಿತಾಂಶ ಫೈಬ್ರೊಮಯಾಲ್ಜಿಯಾಕ್ಕೆ ಹಾಗೇ ಅನ್ವಯಿಸುವುದಿಲ್ಲ, ಆದರೆ ಎರಡೂ ಒಟ್ಟಿಗೆ ಇರುವ ಐವತ್ತು ದಾಟಿದವರು ನಮ್ಮಲ್ಲಿ ಬಹಳ.

ಆಮವಾತ, ಅಂದರೆ ರುಮಟಾಯ್ಡ್ ಆರ್ಥ್ರೈಟಿಸ್‌ನಲ್ಲಿ ಫಲ ಇನ್ನೂ ತೆಳು. ಬ್ರಿಟನ್ನಿನಲ್ಲಿ 12 ವಾರದ ಪ್ರಯೋಗವೊಂದರಲ್ಲಿ ಮಾಂಸಖಂಡದ ತೂಕ ಅರ್ಧ ಕಿಲೋದಷ್ಟು ಏರಿತು. ಬಲವಾಗಲೀ ಓಡಾಟವಾಗಲೀ ಸುಧಾರಿಸಲಿಲ್ಲ. ಅಲ್ಲಿ ನಾನು ಪುಡಿಯ ಮಾತೇ ಎತ್ತುವುದಿಲ್ಲ.

ನನ್ನ ಪದ್ಧತಿ ಹೀಗೆ: ಮೊದಲ 6 ವಾರ ಬರೀ ವ್ಯಾಯಾಮ. ಅಷ್ಟರಲ್ಲಿ ಕುರ್ಚಿಯಿಂದ ಏಳುವ ಎಣಿಕೆ ಏರುತ್ತಿದ್ದರೆ ಪುಡಿ ಬೇಕಿಲ್ಲ. ವ್ಯಾಯಾಮವನ್ನು ಬಿಡದೆ ಮಾಡಿಯೂ ಎಣಿಕೆ ನಿಂತಲ್ಲೇ ನಿಂತರೆ ಆಗ ಮಾತ್ರ ಸೇರಿಸುವ ಯೋಚನೆ. ಶುದ್ಧ ಸಸ್ಯಾಹಾರಿಗಳಾದರೆ ಸ್ವಲ್ಪ ಬೇಗ ಒಪ್ಪುತ್ತೇನೆ. ಕ್ರಿಯಾಟಿನ್ ಆಹಾರದಲ್ಲಿ ಸಿಗುವುದು ಮಾಂಸ, ಮೀನಿನಲ್ಲಿ ಮಾತ್ರ ಎನ್ನಬಹುದು. ಬೇಳೆ, ಸೊಪ್ಪಿನಲ್ಲಿ ಇಲ್ಲ. ಅವರ ಸ್ನಾಯುವಿನಲ್ಲಿ ದಾಸ್ತಾನು ಕಡಿಮೆ ಇರುವುದರಿಂದ ಪುಡಿ ಕೊಟ್ಟಾಗ ಏರಿಕೆ ಹೆಚ್ಚು. ಪುಡಿಯನ್ನು ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ತಯಾರಿಸುತ್ತಾರೆ, ಮಾಂಸದಿಂದ ತೆಗೆಯುವುದಿಲ್ಲ. ಮಡಿವಂತರು ಮೊದಲು ಕೇಳುವುದೇ ಇದನ್ನು.

ಒಂದು 'ನಿ' ಹೆಚ್ಚಾದರೆ ಆಗುವ ಎಡವಟ್ಟು

ಕ್ರಿಯಾಟಿನ್ ಆರೋಗ್ಯವಂತ ಕಿಡ್ನಿಯನ್ನು ಹಾಳು ಮಾಡುತ್ತದೆ ಎನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಆದರೂ ನೋವಿನ ರೋಗಿಗಳಲ್ಲಿ ನಾನು ಹೆದರುವುದು ಕಿಡ್ನಿಯ ವಿಷಯಕ್ಕೇ, ಬೇರೆ ದಾರಿಯಿಂದ.

ಲ್ಯಾಬ್ ವರದಿಯಲ್ಲಿ ಕಾಣುವ ಹೆಸರು ಕ್ರಿಯಾಟಿನಿನ್. ನಡುವೆ ಒಂದು 'ನಿ' ಹೆಚ್ಚು. ಕ್ರಿಯಾಟಿನ್ ದೇಹದಲ್ಲಿ ತಾನಾಗಿಯೇ ಸವೆದು ಕ್ರಿಯಾಟಿನಿನ್ ಆಗುತ್ತದೆ, ಅದನ್ನು ಕಿಡ್ನಿ ಹೊರಹಾಕುತ್ತದೆ. ರಕ್ತದಲ್ಲಿ ಅದು ಹೆಚ್ಚಿದರೆ ಕಿಡ್ನಿ ಸೋತಿದೆ ಎಂದು ಎಣಿಸುವುದು ವಾಡಿಕೆ. ಪುಡಿ ಕುಡಿಯುವವರಲ್ಲಿ ಕಿಡ್ನಿ ಚೆನ್ನಾಗಿದ್ದರೂ ಈ ಅಂಕಿ ಸ್ವಲ್ಪ ಏರುತ್ತದೆ, ಯಾಕೆಂದರೆ ತಯಾರಾಗುವುದೇ ಹೆಚ್ಚು. ಜಿಮ್ ಹುಡುಗನಿಗೆ ಇದರಿಂದ ಒಂದು ದಿನದ ಗಾಬರಿ ಅಷ್ಟೆ. ಪ್ರಿಗ್ಯಾಬಲಿನ್ ತಿನ್ನುವ ಅವನ ತಾಯಿಗೆ ಹಾಗಲ್ಲ.

ಲೆಕ್ಕ ಹಾಕಿ ನೋಡೋಣ. 52 ವರ್ಷ, 58 ಕಿಲೋ ತೂಕದ ಹೆಂಗಸು ಎಂದಿಟ್ಟುಕೊಳ್ಳಿ. ಕ್ರಿಯಾಟಿನಿನ್ ಡೆಸಿಲೀಟರಿಗೆ 0.9 ಮಿಲಿಗ್ರಾಂ. ಔಷಧಿಯ ಪ್ರಮಾಣ ನಿರ್ಧರಿಸಲು ವೈದ್ಯರು ಬಳಸುವ ಹಳೆಯ ಸೂತ್ರ ಹೀಗಿದೆ: 140ರಿಂದ ವಯಸ್ಸು ಕಳೆದು, ತೂಕದಿಂದ ಗುಣಿಸಿ, ಹೆಣ್ಣಾದರೆ 0.85ರಿಂದ ಗುಣಿಸಿ, ಬಂದದ್ದನ್ನು ಕ್ರಿಯಾಟಿನಿನ್‌ನ 72 ಪಟ್ಟಿನಿಂದ ಭಾಗಿಸಬೇಕು. ಇವರದು ನಿಮಿಷಕ್ಕೆ ಸುಮಾರು 67 ಮಿಲಿಲೀಟರ್ ಬರುತ್ತದೆ. ಈಗ ಪುಡಿ ಶುರು ಮಾಡಿದ್ದಾರೆ, ಯಾರಿಗೂ ಹೇಳಿಲ್ಲ. ಎರಡು ತಿಂಗಳಿಗೆ ಕ್ರಿಯಾಟಿನಿನ್ 1.1. ಅದೇ ಸೂತ್ರ ಈಗ ಸುಮಾರು 55 ಎನ್ನುತ್ತದೆ. ಪ್ರಿಗ್ಯಾಬಲಿನ್ ಕಿಡ್ನಿಯಿಂದಲೇ ಹೊರಹೋಗುವ ಔಷಧಿ. 60ರ ಗೆರೆ ದಾಟಿ ಕೆಳಗಿಳಿದರೆ ಪ್ರಮಾಣವನ್ನು ಅರ್ಧ ಮಾಡಬೇಕೆಂಬುದು ನಿಯಮ. ವೈದ್ಯರು ನಿಯಮದಂತೆ ಅರ್ಧ ಮಾಡುತ್ತಾರೆ, ನೋವು ಮತ್ತೆ ಏರುತ್ತದೆ. ಕಿಡ್ನಿಗೆ ಏನೂ ಆಗಿರಲೇ ಇಲ್ಲ.

ಇದರ ತಿರುವು ಇನ್ನೂ ಕೆಟ್ಟದ್ದು. ನೋವಿನ ರೋಗಿಗಳಲ್ಲಿ ಬಹಳ ಜನ ಮೆಡಿಕಲ್ ಶಾಪಿನಿಂದ ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್ ಮಾತ್ರೆ ತಾವೇ ತಂದು ನುಂಗುತ್ತಾರೆ. ಅವು ಕಿಡ್ನಿಗೆ ನಿಜಕ್ಕೂ ಪೆಟ್ಟು ಕೊಡಬಲ್ಲವು, ಬಿಪಿ ಮಾತ್ರೆ ಜೊತೆಗಿದ್ದರೆ ಇನ್ನಷ್ಟು. ಆಗ ಏರಿದ ಕ್ರಿಯಾಟಿನಿನ್ ನೋಡಿ "ಅದು ಪುಡಿಯದ್ದು, ಬಿಡಿ" ಎಂದು ತಳ್ಳಿಹಾಕಿದರೆ ನಿಜವಾದ ಹಾನಿ ಕಣ್ತಪ್ಪುತ್ತದೆ. ಒಂದೇ ಅಂಕಿ, ಎರಡು ಕಾರಣ. ಅಂಕಿಯನ್ನಷ್ಟೇ ನೋಡಿ ಬೇರ್ಪಡಿಸಲಾಗದು.

ಬೇರ್ಪಡಿಸುವ ದಾರಿ ಇದೆ. ಪುಡಿ ಶುರು ಮಾಡುವ ಮೊದಲೇ ಕ್ರಿಯಾಟಿನಿನ್ ಮತ್ತು ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನಿನ ಪರೀಕ್ಷೆ ಮಾಡಿಸಿ ಇಟ್ಟುಕೊಳ್ಳಿ. ಆಮೇಲೆ ಅಂಕಿ ಏರಿದರೆ ಸಿಸ್ಟಾಟಿನ್ ಸಿ ಎಂಬ ಪರೀಕ್ಷೆಯಿಂದ ಕಿಡ್ನಿಯ ಕೆಲಸವನ್ನು ಅಳೆಯಬಹುದು. ಕ್ರಿಯಾಟಿನ್ ಕುಡಿದದ್ದು ಅದನ್ನು ಕದಲಿಸುವುದಿಲ್ಲ. ದೊಡ್ಡ ಲ್ಯಾಬುಗಳಲ್ಲಿ ಮಾಡುತ್ತಾರೆ. ಇದಕ್ಕೂ ಒಂದು ಕೊಕ್ಕೆ ಇದೆ: ಸ್ಟಿರಾಯ್ಡ್ ಮಾತ್ರೆ ತಿನ್ನುವವರಲ್ಲಿ ಸಿಸ್ಟಾಟಿನ್ ಸಿ ಸುಮ್ಮನೆ ಏರುತ್ತದೆ, ಥೈರಾಯ್ಡ್ ಕಡಿಮೆ ಇರುವವರಲ್ಲಿ ಇಳಿಯುತ್ತದೆ. ಪರೀಕ್ಷೆ ಓದುವವರಿಗೆ ಎರಡನ್ನೂ ಹೇಳಿ. ಮೂತ್ರದಲ್ಲಿ ಆಲ್ಬುಮಿನ್ ಕಂಡರೆ, ಪಾದ ಊದಿಕೊಂಡರೆ, ಮೂತ್ರ ಕಡಿಮೆಯಾದರೆ ಪುಡಿಯ ಮೇಲೆ ತಪ್ಪು ಹೊರಿಸಿ ಕೂರದೆ ಅಂದೇ ವೈದ್ಯರನ್ನು ಕಾಣಬೇಕು.

ಕಿಡ್ನಿ ಕಾಯಿಲೆ ಈಗಾಗಲೇ ಇರುವವರು ಇದನ್ನು ಸ್ವಂತ ನಿರ್ಧಾರದಿಂದ ಮುಟ್ಟಬಾರದು. ಆಮವಾತಕ್ಕೆ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರೂ ಅಷ್ಟೇ, ಅದೂ ಕಿಡ್ನಿಯಿಂದ ಹೋಗುವ ಮದ್ದು.

ನೋವು ನಿಜಕ್ಕೂ ಫೈಬ್ರೊಮಯಾಲ್ಜಿಯಾದ್ದೇ?

"ಮೈಯೆಲ್ಲ ನೋವು" ಎಂದವರೆಲ್ಲರಿಗೂ ಈ ಹೆಸರು ಅಂಟಿಸುವುದಕ್ಕಾಗದು. ಥೈರಾಯ್ಡ್ ಕೊರತೆ, ವಿಟಮಿನ್ ಡಿ ಕೊರತೆ, ಕೊಲೆಸ್ಟೆರಾಲ್‌ಗೆ ಕೊಡುವ ಸ್ಟ್ಯಾಟಿನ್ ಮಾತ್ರೆ, ಇವೆಲ್ಲ ಸ್ನಾಯು ನೋವು ತರುತ್ತವೆ. ಇವನ್ನು ನೋಡದೆ ಪುಡಿ ಕುಡಿದರೆ ಪರಿಹಾರವಿದ್ದ ಕಾಯಿಲೆಗೆ ತಿಂಗಳುಗಟ್ಟಲೆ ತಡ.

ಅಪರೂಪದ್ದಾದರೂ ಮರೆಯಬಾರದ ಒಂದು ಕಾಯಿಲೆ ಮ್ಯಾಕ್‌ಆರ್ಡಲ್. ಹುಟ್ಟಿನಿಂದಲೇ ಸ್ನಾಯುವಿಗೆ ತನ್ನೊಳಗಿನ ಸಕ್ಕರೆಯ ದಾಸ್ತಾನನ್ನು ಒಡೆದು ಬಳಸಲು ಬಾರದು. ಇಂಥವರು ಜೋರಾಗಿ ನಡೆದ ಮೊದಲ ಕೆಲವೇ ನಿಮಿಷದಲ್ಲಿ ಸೆಳೆತ ಬಂದು ನಿಲ್ಲುತ್ತಾರೆ, ಸ್ವಲ್ಪ ಸುಧಾರಿಸಿಕೊಂಡು ಹೊರಟರೆ ಆಮೇಲೆ ಸರಾಗ. ಕೆಲವೊಮ್ಮೆ ಶ್ರಮದ ನಂತರ ಮೂತ್ರ ಕೋಕಾಕೋಲಾ ಬಣ್ಣಕ್ಕೆ ತಿರುಗುತ್ತದೆ. ಜರ್ಮನಿಯಲ್ಲಿ ನಡೆದ ಪ್ರಯೋಗಗಳಲ್ಲಿ ಇವರಿಗೆ ಕಡಿಮೆ ಕ್ರಿಯಾಟಿನ್‌ನಿಂದ ಅಲ್ಪ ಉಪಯೋಗ ಕಂಡರೂ, ತೂಕದ ಕಿಲೋಗೆ 150 ಮಿಲಿಗ್ರಾಂನಷ್ಟು ಹೆಚ್ಚು ಕೊಟ್ಟಾಗ ನೋವು ಜಾಸ್ತಿಯೇ ಆಯಿತು. 58 ಕಿಲೋದವರಿಗೆ ಅದು ದಿನಕ್ಕೆ 9 ಗ್ರಾಂ ಆಸುಪಾಸು. "ಹೆಚ್ಚು ಕುಡಿದರೆ ಹೆಚ್ಚು ಗುಣ" ಎಂಬ ನಂಬಿಕೆಗೆ ಇದಕ್ಕಿಂತ ನೇರ ಉತ್ತರ ನನಗೆ ಗೊತ್ತಿಲ್ಲ. ಪುಡಿ ಶುರುವಾದ ಮೇಲೆ ನಡೆದಾಗ ಸೆಳೆತ ಹೆಚ್ಚಾದರೆ ನಿಲ್ಲಿಸಿ, ರಕ್ತದಲ್ಲಿ ಸ್ನಾಯುವಿನ ಹಾನಿ ತೋರಿಸುವ ಸಿಪಿಕೆ ಮಟ್ಟ ನೋಡಿಸಿ.

ಇನ್ನೊಂದು ಎಚ್ಚರ ಮನಸ್ಸಿಗೆ ಸಂಬಂಧಿಸಿದ್ದು. ಬೈಪೋಲಾರ್ ಖಿನ್ನತೆ ಇದ್ದ ಇಬ್ಬರು ಕ್ರಿಯಾಟಿನ್ ಶುರು ಮಾಡಿದ ಮೇಲೆ ಉನ್ಮಾದದ ಕಡೆ ತಿರುಗಿದ್ದು 2007ರ ಒಂದು ಪುಟ್ಟ ಅಧ್ಯಯನದಲ್ಲಿ ದಾಖಲಾಗಿದೆ. ನೋವಿನ ಜೊತೆ ಖಿನ್ನತೆ ಇರುವುದು ಸಾಮಾನ್ಯ. ಹಿಂದೆ ಎಂದಾದರೂ ನಿದ್ದೆಯೇ ಬೇಡವೆನ್ನಿಸುವಷ್ಟು ಹುಮ್ಮಸ್ಸಿನ ದಿನಗಳು ಬಂದು ಹೋಗಿದ್ದರೆ ಮನೋವೈದ್ಯರಿಗೆ ಹೇಳದೆ ಶುರು ಮಾಡಬೇಡಿ.

ತೆಗೆದುಕೊಳ್ಳುವುದೇ ಆದರೆ ಯಾವುದು, ಹೇಗೆ

ಅಂಗಡಿಯಲ್ಲಿ ಮೊನೊಹೈಡ್ರೇಟ್, ಹೈಡ್ರೊಕ್ಲೋರೈಡ್, ಬಫರ್ಡ್ ಎಂದು ಹಲವು ಬಗೆ ಇಟ್ಟಿರುತ್ತಾರೆ. ಪ್ರಯೋಗಗಳು ನಡೆದದ್ದು ಹೆಚ್ಚಾಗಿ ಮೊನೊಹೈಡ್ರೇಟ್ ಮೇಲೆ, ಬೆಲೆಯೂ ಅದಕ್ಕೇ ಕಡಿಮೆ. ರುಚಿ, ಬಣ್ಣ, ಕೆಫೀನ್ ಬೆರೆಸಿದ "ಪ್ರೀ ವರ್ಕೌಟ್" ಡಬ್ಬಿ ಬೇಡವೇ ಬೇಡ. ಮೊದಲೇ ನಿದ್ದೆ ಬಾರದ ಕಾಯಿಲೆ ಇದು.

ಮೊದಲ ವಾರ ದಿನಕ್ಕೆ 20 ಗ್ರಾಂ ಹಾಕುವ 'ಲೋಡಿಂಗ್' ಕ್ರಮವೋ, ಮೊದಲ ದಿನದಿಂದಲೇ ದಿನಕ್ಕೆ 3 ಗ್ರಾಂನ ನಿಧಾನ ಕ್ರಮವೋ? 1996ರಲ್ಲೇ ತೋರಿಸಿಕೊಟ್ಟ ಹಾಗೆ, ದಿನಕ್ಕೆ 3 ಗ್ರಾಂ ತೆಗೆದುಕೊಂಡರೂ ನಾಲ್ಕು ವಾರದಲ್ಲಿ ಸ್ನಾಯುವಿನ ಮಟ್ಟ ಲೋಡಿಂಗ್ ಮಾಡಿದವರಷ್ಟೇ ಆಗುತ್ತದೆ. ಪಂದ್ಯ ಹತ್ತಿರವಿರುವ ಕ್ರೀಡಾಪಟುವಿಗೆ ಅವಸರ ಇರಬಹುದು, ನಮಗಿಲ್ಲ. ಫೈಬ್ರೊಮಯಾಲ್ಜಿಯಾದವರಲ್ಲಿ ಪದೇ ಪದೇ ಹೊಟ್ಟೆ ಕೆಡುವ ಐಬಿಎಸ್ ತೊಂದರೆ ಇರುವವರು ಬಹಳ. ಒಂದೇ ಸಲಕ್ಕೆ 10 ಗ್ರಾಂ ಕುಡಿದರೆ ಭೇದಿ ಆಗುವುದು ಆರೋಗ್ಯವಂತರಲ್ಲೂ ಹೆಚ್ಚು. ಆದ್ದರಿಂದ ನಾನು ಹೇಳುವುದು ನಿಧಾನ ಕ್ರಮ, ಊಟದ ಜೊತೆ, ಉಗುರುಬೆಚ್ಚಗಿನ ನೀರಲ್ಲಿ ಪೂರ್ತಿ ಕರಗಿಸಿ. ಡಬ್ಬಿಯ ಚಮಚದಲ್ಲಿ ಸಾಮಾನ್ಯವಾಗಿ 3ರಿಂದ 5 ಗ್ರಾಂ ಹಿಡಿಯುತ್ತದೆ; ಎಷ್ಟೆಂದು ಲೇಬಲ್ ನೋಡಿ, ಗೋಪುರದ ಹಾಗೆ ತುಂಬಬೇಡಿ.

ತೂಕ ಒಂದು ಕಿಲೋ ಏರಬಹುದು. ಅದು ಸ್ನಾಯುವಿನೊಳಗೆ ನಿಲ್ಲುವ ನೀರು. ಪ್ರಿಗ್ಯಾಬಲಿನ್ ಕೂಡ ತೂಕ ಏರಿಸುತ್ತದೆ, ಕಾಲು ಊದಿಸುತ್ತದೆ. ಎರಡನ್ನೂ ಒಂದೇ ತಿಂಗಳಲ್ಲಿ ಶುರು ಮಾಡಿದರೆ ಯಾವುದರ ಫಲ ಯಾವುದು ಎಂದು ದೇವರಿಗೇ ಗೊತ್ತು. ಹೊಸ ಮಾತ್ರೆ ಶುರುವಾಗಿದ್ದರೆ ಅದು ಒಗ್ಗುವ ತನಕ ಪುಡಿ ಕಾಯಲಿ.

ಶುರು ಮಾಡುವ ಹಿಂದಿನ ದಿನ ಗೋಡೆಗೆ ಒತ್ತಿಟ್ಟ ಕುರ್ಚಿಯಲ್ಲಿ ಕೂತು, ಕೈಗಳನ್ನು ಎದೆಯ ಮೇಲೆ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಏಳುತ್ತೀರೆಂದು ಮನೆಯವರಿಂದ ಎಣಿಸಿ ಕ್ಯಾಲೆಂಡರಿನ ಮೇಲೆ ಬರೆಸಿ. ಬೆಳಿಗ್ಗೆ ಹತ್ತಕ್ಕೆ ಎಣಿಸಿದ್ದರೆ ಪ್ರತಿ ಸಲವೂ ಹತ್ತಕ್ಕೇ ಎಣಿಸಿ, ಈ ಕಾಯಿಲೆಯಲ್ಲಿ ಬೆಳಗಿನ ಬಿಗಿತವೇ ಬೇರೆ. ನೋವಿನ ಅಂಕವನ್ನು ಬೇರೆ ಸಾಲಿನಲ್ಲಿ ಬರೆಯಿರಿ. ನಾಲ್ಕು ವಾರಕ್ಕೊಮ್ಮೆಯಂತೆ 12 ವಾರ. ಎಣಿಕೆ ಎರಡಾದರೂ ಏರದಿದ್ದರೆ ಡಬ್ಬಿಯನ್ನು ಮಗನಿಗೆ ವಾಪಸ್ ಕೊಡಿ, ವ್ಯಾಯಾಮ ಮುಂದುವರಿಸಿ.